ಒಳಲಂಗಕ್ಕೆ ಎಂಟು ರೂಪಾಯಿ ಸಾಕೇ?

ಸೀರೆಯ ಒಳಲಂಗ ಹೊಲಿಸುವ ಒಂದು ಸಣ್ಣ ಘಟಕವನ್ನು ಎಣಿಸಿಕೊಳ್ಳಿ. ಮಾಲೀಕರು ಬಟ್ಟೆಯನ್ನು ಕತ್ತರಿಸಿ, ಕಟ್ಟು ಕಟ್ಟಿ, ಸುತ್ತಲಿನ ಬಡಾವಣೆಗಳ ಹೆಣ್ಣುಮಕ್ಕಳಿಗೆ ಕೊಡುತ್ತಾರೆ. ಅವರು ಮನೆಯ ಮಷಿನ್ನಿನಲ್ಲಿ ಹೊಲಿದು, ಲಾಡಿ ಹಾಕಿ, ದಾರ ಕತ್ತರಿಸಿ, ಮಡಚಿ ವಾಪಸು ತರುತ್ತಾರೆ. ಒಂದು ಪೀಸಿಗೆ 8 ರೂಪಾಯಿ.

ಈ ಎಂಟು ರೂಪಾಯಿಯ ಹಿಂದೆಯೂ ಒಂದು ಲೆಕ್ಕವಿದೆ. ಘಟಕದಲ್ಲೇ ಕೂತು ಹೊಲಿಯುವ ಚುರುಕು ಕೈಯ ಟೈಲರ್ ಒಂದು ಒಳಲಂಗವನ್ನು 8 ನಿಮಿಷದಲ್ಲಿ ಮುಗಿಸುತ್ತಾರೆ. ಎಂಟು ಗಂಟೆಗೆ 60 ಪೀಸು. ದಿನಗೂಲಿ 480 ರೂಪಾಯಿ ಎಂದಾದರೆ, 60ರಿಂದ ಭಾಗಿಸಿದಾಗ 8 ಬರುತ್ತದೆ. ಮಾಲೀಕರು ಯಾರಿಗೂ ಮೋಸ ಮಾಡಬೇಕೆಂದು ಕೂತವರಲ್ಲ. ಆದರೂ ಈ ರೇಟಿನಲ್ಲಿ ಮನೆಯಲ್ಲಿ ಹೊಲಿಯುವವರ ಕೈಗೆ ದಿನಗೂಲಿಯ ಅರ್ಧವೂ ಸೇರುವುದಿಲ್ಲ. ಹಣ ಎಲ್ಲಿ ಸೋರುತ್ತದೆ ಎಂಬುದನ್ನು ನೋಡೋಣ.

480 ಎಂಬುದು ನಾನು ಲೆಕ್ಕದ ಅನುಕೂಲಕ್ಕೆ ಹಿಡಿದ ಮೊತ್ತ. ಹಾಗೆ ಹಿಡಿದರೆ ಎಂಟು ಗಂಟೆಯ ಒಂದೊಂದು ನಿಮಿಷಕ್ಕೆ ಒಂದೊಂದು ರೂಪಾಯಿ ಆಗುತ್ತದೆ. ನಿಮ್ಮ ಲೆಕ್ಕಕ್ಕೆ ಕಾರ್ಮಿಕ ಇಲಾಖೆ ನಿಮ್ಮ ವಲಯಕ್ಕೆ ಗೊತ್ತುಪಡಿಸಿರುವ ಕನಿಷ್ಠ ಕೂಲಿಯನ್ನು ಇಟ್ಟುಕೊಳ್ಳಬೇಕು. ತಿಂಗಳ ಮೊತ್ತ ಸಿಕ್ಕಿದರೆ ಅದನ್ನು 30ರಿಂದಲ್ಲ, 26ರಿಂದ ಭಾಗಿಸಿ. ಮನೆಯಲ್ಲಿ ದುಡಿಯುವವರಿಗೂ ವಾರಕ್ಕೊಂದು ದಿನ ಬಿಡುವು ಬೇಕು.

ಮೊದಲ ಸೋರಿಕೆ ಆ ಚುರುಕು ಕೈಯಲ್ಲೇ ಇದೆ. ರೇಟು ಕಟ್ಟಲು ಎಲ್ಲರಿಗಿಂತ ವೇಗವಾಗಿ ಹೊಲಿಯುವವರನ್ನು ಅಳತೆಗೋಲು ಮಾಡಿದರೆ ಉಳಿದವರೆಲ್ಲ ಕನಿಷ್ಠ ಕೂಲಿಗಿಂತ ಕೆಳಗೆ ಬೀಳುತ್ತಾರೆ. ಕೆಲಸ ಚೆನ್ನಾಗಿ ಬಲ್ಲ, ಆದರೆ ಸಾಧಾರಣ ವೇಗದ ಮೂವರನ್ನು ಆರಿಸಿ. ಹತ್ತು ಪೀಸಿನ ಕಟ್ಟನ್ನು ಅವರ ಮನೆಯಲ್ಲಿ, ಅವರದೇ ಮಷಿನ್ನಿನಲ್ಲಿ ಹೊಲಿಯುವಾಗ ಗಡಿಯಾರ ನೋಡಿ. ಹೊಸ ಮಾದರಿಯಾದರೆ ಮೊದಲ ಒಂದೆರಡು ಕಟ್ಟು ಕೈ ಕೂರುವುದಕ್ಕೇ ಹೋಗುತ್ತದೆ, ಅವನ್ನು ಬಿಡಿ. ಕಟ್ಟು ಬಿಚ್ಚಿ ಎಣಿಸುವುದರಿಂದ ಹಿಡಿದು ಮಡಚಿ ಮತ್ತೆ ಕಟ್ಟುವವರೆಗೆ ಎಲ್ಲವೂ ಲೆಕ್ಕಕ್ಕೆ ಬರಬೇಕು. ನಡುವೆ ಮಗು ಅತ್ತು ಎದ್ದು ಹೋದರೆ ಆ ಹೊತ್ತನ್ನು ಕಳೆಯಿರಿ. ಬಾಬಿನ್ ಖಾಲಿಯಾಗಿ ದಾರ ಸುತ್ತಿಕೊಂಡರೆ ಕಳೆಯಬೇಡಿ, ಅದು ಕೆಲಸವೇ.

ಇಲ್ಲಿ ಒಂದು ಸಂಗತಿ ಸುಲಭವಾಗಿ ಕಣ್ತಪ್ಪುತ್ತದೆ. ಲಾಡಿ ಪೋಣಿಸುವುದು, ದಾರ ಕತ್ತರಿಸುವುದು ಅನೇಕ ಮನೆಗಳಲ್ಲಿ ಅತ್ತೆಯ ಅಥವಾ ಶಾಲೆಯಿಂದ ಬಂದ ಮಗಳ ಪಾಲಿಗೆ ಬಂದಿರುತ್ತದೆ. ದಿನಕ್ಕೆ ಅರವತ್ತು ಪೀಸು ಹೊಲಿದು ಕೊಡುತ್ತಾರೆ ಎಂಬ ಹೊಗಳಿಕೆಯ ಹಿಂದೆ ಇಬ್ಬರ ದುಡಿಮೆ ಇರಬಹುದು. ಸಹಾಯಕ್ಕೆ ಕೂತವರ ನಿಮಿಷಗಳನ್ನೂ ಕೂಡಿಸಲೇಬೇಕು. ಮಕ್ಕಳು ಕೈ ಹಾಕದೆ ಆ ರೇಟಿನಲ್ಲಿ ಮನೆ ನಡೆಯುವುದಿಲ್ಲ ಎಂದಾದರೆ ರೇಟು ತಪ್ಪಿದೆ ಎಂದೇ ಅರ್ಥ.

ನಮ್ಮ ಉದಾಹರಣೆಯಲ್ಲಿ ಹೀಗೆ ಅಳೆದಾಗ ಹತ್ತು ಪೀಸಿಗೆ 100 ನಿಮಿಷ ಬಂತು ಎನ್ನೋಣ. ಅಂದರೆ ಒಂದಕ್ಕೆ 10 ನಿಮಿಷ. ಆದರೆ ಗಡಿಯಾರ ಹಿಡಿದ ಎರಡು ಗಂಟೆಯ ವೇಗ ದಿನವಿಡೀ ನಿಲ್ಲುವುದಿಲ್ಲ. ಬೆನ್ನು ನೋಯುತ್ತದೆ, ಸೂಜಿ ಮುರಿಯುತ್ತದೆ, ನೀರು ಕುಡಿಯಲು ಏಳಬೇಕಾಗುತ್ತದೆ. ಇದಕ್ಕಾಗಿ ನೂರಕ್ಕೆ 15ರಷ್ಟು ಸೇರಿಸಿದರೆ ಹನ್ನೊಂದೂವರೆ ನಿಮಿಷವಾಯಿತು.

ಎರಡನೆಯದು ಹೋಗಿ ಬರುವ ಹೊತ್ತು. ವಾರಕ್ಕೊಮ್ಮೆ 80 ಪೀಸು ಒಯ್ದು, ಚೆಕಿಂಗ್ ಮುಗಿಯುವ ತನಕ ಬಾಗಿಲಲ್ಲಿ ಕಾದು, ಹೊಸ ಕಟ್ಟು ತರಲು 80 ನಿಮಿಷ ಹಿಡಿದರೆ ಪೀಸಿಗೆ ಇನ್ನೊಂದು ನಿಮಿಷ. ಒಟ್ಟು ಹನ್ನೆರಡೂವರೆ ನಿಮಿಷ, ಅಂದರೆ 12 ರೂಪಾಯಿ 50 ಪೈಸೆ. ಇಷ್ಟು ಬರೀ ಕೂಲಿ.

ಇನ್ನು ಖರ್ಚು. ಕಾರ್ಖಾನೆಯಲ್ಲಿ ಮಾಲೀಕರ ತಲೆಯ ಮೇಲಿರುವ ವೆಚ್ಚವೆಲ್ಲ ಇಲ್ಲಿ ಟೈಲರ್ ಮನೆಗೆ ದಾಟಿರುತ್ತದೆ. ದಾರಕ್ಕೆ 1 ರೂಪಾಯಿ, ಕರೆಂಟು, ಸೂಜಿ, ಎಣ್ಣೆ, ರಿಪೇರಿಗೆ 50 ಪೈಸೆ, ಕಟ್ಟು ಸಾಗಿಸುವ 40 ರೂಪಾಯಿ ಆಟೋ ಖರ್ಚು 80 ಪೀಸಿಗೆ ಹಂಚಿದರೆ ಮತ್ತೆ 50 ಪೈಸೆ. ಒಟ್ಟು 2 ರೂಪಾಯಿ. ಹೀಗೆ ನಮ್ಮ ಒಳಲಂಗದ ನ್ಯಾಯವಾದ ರೇಟು 14 ರೂಪಾಯಿ 50 ಪೈಸೆಗೆ ಬಂದು ನಿಂತಿತು.

ಈಗ ಹಳೆಯ 8 ರೂಪಾಯಿಯನ್ನು ತಿರುಗಿಸಿ ನೋಡಿ. ಖರ್ಚಿನ 2 ರೂಪಾಯಿ ಕಳೆದರೆ ಉಳಿಯುವುದು 6. ಅದು ಹನ್ನೆರಡೂವರೆ ನಿಮಿಷದ ದುಡಿಮೆಗೆ. ಎಂಟು ಗಂಟೆಗೆ ಸುಮಾರು 230 ರೂಪಾಯಿ.

ಆರೂವರೆ ರೂಪಾಯಿ ಹೆಚ್ಚಿಗೆ ಎಲ್ಲಿಂದ ತರಲಿ ಎಂದು ಮಾಲೀಕರು ಕೇಳುವುದರಲ್ಲಿ ಹುರುಳಿದೆ. ಅಂಗಡಿಯವರು ಅವರನ್ನೂ ಚೌಕಾಸಿಯಲ್ಲಿ ಹಿಂಡುತ್ತಾರೆ. ಆದರೆ ಈ ಲೆಕ್ಕ ಬಿಡಿಸಿಟ್ಟಾಗಲೇ ದಾರಿಯೂ ಕಾಣುತ್ತದೆ. ಘಟಕದ ಗಾಡಿಯೇ ವಾರಕ್ಕೊಮ್ಮೆ ಮನೆಬಾಗಿಲಿಗೆ ಹೋಗಿ ಕಟ್ಟು ಕೊಟ್ಟು, ಅಲ್ಲೇ ಚೆಕ್ ಮಾಡಿ ತಂದರೆ ಹೋಗಿಬರುವ ಒಂದು ನಿಮಿಷವೂ ಆಟೋದ 50 ಪೈಸೆಯೂ ಉಳಿಯುತ್ತವೆ. ದಾರವನ್ನು ಸಗಟಿನಲ್ಲಿ ಕೊಂಡು ಘಟಕವೇ ಕೊಟ್ಟರೆ ಇನ್ನೊಂದು ರೂಪಾಯಿ. ಆಗ ರೇಟು 12 ರೂಪಾಯಿ. ಹೊಲಿಯುವವರ ನಿಮಿಷಕ್ಕೆ ಸಿಗುವುದು ಮಾತ್ರ ಮೊದಲಿನಷ್ಟೇ. ಕತ್ತರಿಸುವಾಗಲೇ ಜೋಡಿಸುವ ಕಡೆ ಗುರುತು ಹಾಕಿದರೆ ಹೊಲಿಗೆಯ ನಿಮಿಷವೂ ಇಳಿದೀತು, ಆದರೆ ಇಳಿದದ್ದನ್ನು ಮತ್ತೆ ಗಡಿಯಾರದಲ್ಲಿ ಅಳೆದೇ ರೇಟು ಮುಟ್ಟಬೇಕು. ಹೊಲಿಯುವವರು ಪಳಗಿ ವೇಗ ಹೆಚ್ಚಿಸಿಕೊಂಡರೆಂದು ರೇಟು ಇಳಿಸುವುದು ಶುದ್ಧ ಅನ್ಯಾಯ. ಆ ವೇಗ ಅವರ ಸ್ವಂತ ಗಳಿಕೆ. ಜಾರುವ ಸ್ಯಾಟಿನ್ ಬಂದಾಗಲೋ, ಕೆಳಗೆ ಲೇಸು ಸೇರಿದಾಗಲೋ ಹಳೆಯ ರೇಟನ್ನೇ ಎಳೆಯುವುದೂ ಅಷ್ಟೇ ತಪ್ಪು.

ರಿಜೆಕ್ಟ್ ವಿಷಯದಲ್ಲಿ ಜಗಳ ಹೆಚ್ಚು. ಕತ್ತರಿಸುವಾಗಲೇ ಓರೆಯಾದ ಬಟ್ಟೆಗೆ ಹೊಲಿದವರ ಕೂಲಿ ಹಿಡಿಯಬಾರದು. ಹೊಲಿಗೆಯದೇ ತಪ್ಪಾದರೆ ಅವರು ಬಿಚ್ಚಿ ಸರಿ ಮಾಡಿಕೊಡಲಿ, ಕೂಲಿ ಪೂರ್ತಿ ಸಿಗಲಿ. ಕಾರಣವನ್ನು ಅದೇ ದಿನ ಪೀಸನ್ನು ಕೈಯಲ್ಲಿ ಹಿಡಿದು ತೋರಿಸಬೇಕು. ಇಬ್ಬರ ಬಳಿಯೂ ಒಂದೊಂದು ಪುಸ್ತಕವಿರಲಿ. ತಾರೀಕು, ಮಾದರಿ, ಕೊಟ್ಟದ್ದು, ಬಂದದ್ದು, ರೇಟು, ವಾಪಸಾದದ್ದು, ಕೊಟ್ಟ ಹಣ, ಇಷ್ಟು ಅದರಲ್ಲಿದ್ದರೆ ಸಾಕು.

ಇದು ಔದಾರ್ಯದ ಮಾತಲ್ಲ. 1948ರ ಕನಿಷ್ಠ ವೇತನ ಕಾಯ್ದೆ ಸಾಮಗ್ರಿ ಪಡೆದು ಹೊರಗೆ ಕೆಲಸ ಮಾಡಿಕೊಡುವವರನ್ನೂ ಉದ್ಯೋಗಿಗಳೆಂದೇ ಎಣಿಸಿತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯೂ ಪೀಸ್ ಲೆಕ್ಕದ ದುಡಿಮೆಗೆ ಸಮಯದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ ಎನ್ನುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಮನೆಯಾಧಾರಿತ ಕೆಲಸದ ಒಪ್ಪಂದದ ಜೊತೆ ಹೊರಡಿಸಿದ ಶಿಫಾರಸಿನಲ್ಲಿ ಕರೆಂಟು, ಯಂತ್ರದ ನಿರ್ವಹಣೆ, ಕಟ್ಟು ಬಿಚ್ಚಿ ಕಟ್ಟುವ ಹೊತ್ತು ಇವಕ್ಕೂ ಹಣ ಕೊಡಬೇಕೆಂದಿದೆ. ಭಾರತ ಆ ಒಪ್ಪಂದವನ್ನು ಇನ್ನೂ ಅನುಮೋದಿಸಿಲ್ಲ.

ಕರ್ನಾಟಕದಲ್ಲಿ ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಬದಲಾಗಿ ಕನಿಷ್ಠ ಕೂಲಿಯೂ ಬದಲಾಗುತ್ತದೆ. ಪೀಸ್ ರೇಟನ್ನೂ ಅಂದೇ ಮರುಲೆಕ್ಕ ಹಾಕಿ. ಘಟಕ ನಡೆಸುವವರಲ್ಲಿ ನನ್ನದೊಂದು ಕೋರಿಕೆ: ಅಂಗಡಿಯವರಿಗೆ ಬೆಲೆ ಹೇಳಿ ಬಂದ ಮೇಲೆ ಉಳಿದದ್ದರಲ್ಲಿ ಕೂಲಿ ಹುಡುಕಬೇಡಿ. ಮೊದಲು ಒಂದು ಕಟ್ಟು ಹೊಲಿಸಿ ಹೊತ್ತು ನೋಡಿ, ಆಮೇಲೆ ಬೆಲೆ ಹೇಳಿ.