ಪುಟ ಎಣಿಸಿದರೆ ಸಾಲದು, ತೂಕ ನೋಡಿ ಹಂಚಬೇಕು

ಹೋದ ತಿಂಗಳು ನಮ್ಮ ಆಪಾ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಳು. ಕೊನೆಯ ದಿನಕ್ಕೆ ಒಂದೇ ರಾತ್ರಿ ಉಳಿದಿತ್ತು. ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿದ್ದೆವು. ಒಟ್ಟು 24 ಪುಟ, 9400 ಕೆಬಿ. ಪೋರ್ಟಲ್‌ನಲ್ಲಿ ಹೆಚ್ಚೆಂದರೆ ಐದು ಫೈಲ್ ಹಾಕಬಹುದಿತ್ತು, ಒಂದೊಂದೂ 2 ಎಂಬಿ ಒಳಗಿರಬೇಕಿತ್ತು.

"ಕಾಮರ್ಸ್ ಓದ್ತೀಯಲ್ಲ, ಲೆಕ್ಕ ಹಾಕು" ಎಂದಳು ಆಪಾ. ನಾನು 9400ನ್ನು ಐದರಿಂದ ಭಾಗಿಸಿದೆ, 1880 ಬಂತು. ಸರಿಹೋಯಿತು ಅಂದುಕೊಂಡು ಐದೈದು ಪುಟದ ನಾಲ್ಕು ಭಾಗ, ಕೊನೆಯದರಲ್ಲಿ ನಾಲ್ಕು ಪುಟ ಮಾಡಿದೆ. ಮೊದಲ ಭಾಗ ಹೋಯಿತು. ಎರಡನೆಯದನ್ನು ಪೋರ್ಟಲ್ ತಿರಸ್ಕರಿಸಿತು. ನೋಡಿದರೆ ಅದೊಂದೇ 4650 ಕೆಬಿ ಇತ್ತು!

ತಪ್ಪು ಎಲ್ಲಿ ಆಯಿತು? ಸರಾಸರಿಯನ್ನು ನಂಬಿದ್ದರಲ್ಲಿ. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಪ್ರತಿ ಪುಟವೂ ಒಂದು ಚಿತ್ರ. ಪಾಸ್‌ಬುಕ್‌ನ 20 ಪುಟಗಳನ್ನು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದೆವು, ಒಂದೊಂದೂ ಸುಮಾರು 250 ಕೆಬಿ. 7ರಿಂದ 10ರವರೆಗಿನ ನಾಲ್ಕು ಪುಟ ಬಣ್ಣದ ಅಂಕಪಟ್ಟಿಗಳು, ಒಂದೊಂದೂ ಸುಮಾರು 1100 ಕೆಬಿ. ಆ ನಾಲ್ಕೂ ಎರಡನೇ ಭಾಗದಲ್ಲೇ ಬಿದ್ದಿದ್ದವು. ಆದ್ದರಿಂದ ಮೊದಲು ಪ್ರತಿ ಪುಟದ ತೂಕ ತಿಳಿಯಬೇಕು. ನಾನು PDFsam Basic ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ಪುಟವನ್ನೂ ಬೇರೆ ಫೈಲ್ ಮಾಡಿ ನೋಡಿದೆ. ಭಾರದ ಪುಟ ಯಾವುದು ಎಂದು ತಕ್ಷಣ ಗೊತ್ತಾಯಿತು.

ಅದೇ ತಂತ್ರಾಂಶದಲ್ಲಿ Split by size ಎಂಬ ಆಯ್ಕೆ ಇದೆ. ನಾವು ಮಿತಿಯನ್ನು ಕೊಟ್ಟರೆ, ಅದು ಮೊದಲ ಪುಟದಿಂದ ತುಂಬುತ್ತಾ ಹೋಗಿ, ಮಿತಿ ಮೀರುವ ಮೊದಲೇ ಹೊಸ ಫೈಲ್ ಶುರು ಮಾಡುತ್ತದೆ. ಮಿತಿ 2 ಎಂಬಿ ಎಂದಿದ್ದರೂ ನಾನು 1900 ಕೆಬಿ ಕೊಟ್ಟೆ. ಕಾರಣ ಇದೆ. ಕೆಲವು ಕಡೆ 2 ಎಂಬಿ ಎಂದರೆ 20,00,000 ಬೈಟ್, ಕೆಲವು ಕಡೆ 20,97,152 ಬೈಟ್. 1900 ಕೆಬಿಯನ್ನು 1024ರಿಂದ ಗುಣಿಸಿದರೆ 19,45,600 ಬೈಟ್. ಎರಡು ಲೆಕ್ಕದಲ್ಲೂ ಇದು ಮಿತಿಯ ಒಳಗೇ ಇರುತ್ತದೆ.

ಆದರೆ ಇನ್ನೊಂದು ತೊಂದರೆ ಎದುರಾಯಿತು. ಭಾಗಗಳು ಏಳಾದವು! 1ರಿಂದ 6 ಒಂದು ಫೈಲ್. 7, 8, 9 ಒಂದೊಂದೇ ಪುಟದ ಮೂರು ಫೈಲ್, ಏಕೆಂದರೆ ಎರಡು ಅಂಕಪಟ್ಟಿ ಸೇರಿದರೆ 2200 ಕೆಬಿ ಆಗುತ್ತದೆ. ಆಮೇಲೆ 10ರಿಂದ 13, 14ರಿಂದ 20, 21ರಿಂದ 24. ಪೋರ್ಟಲ್ ಒಪ್ಪುವುದು ಐದೇ. ಎಷ್ಟೇ ಭಾಗ ಮಾಡಿದರೂ ಪುಟದ ತೂಕ ಇಳಿಯುವುದಿಲ್ಲ ಎಂಬುದು ಆಗ ಅರ್ಥವಾಯಿತು. ಒಂದು ಪುಟವೇ ಮಿತಿಗಿಂತ ದೊಡ್ಡದಿದ್ದರಂತೂ ಭಾಗ ಮಾಡಿ ಪ್ರಯೋಜನವೇ ಇಲ್ಲ.

ಹಾಗಾಗಿ ನಾಲ್ಕು ಅಂಕಪಟ್ಟಿಗಳನ್ನು ಮಾತ್ರ ಮತ್ತೆ ಸ್ಕ್ಯಾನ್ ಮಾಡಿದೆವು. ಮೊದಲು 300 ಡಿಪಿಐ ಇಟ್ಟಿದ್ದೆವು, ಈಗ 150 ಇಟ್ಟೆವು, ಬಣ್ಣ ಹಾಗೇ ಬಿಟ್ಟೆವು. ಡಿಪಿಐ ಅರ್ಧವಾದರೆ ಉದ್ದ, ಅಗಲ ಎರಡೂ ಕಡೆ ಚುಕ್ಕಿ ಅರ್ಧವಾಗುತ್ತದೆ, ಅಂದರೆ ಒಟ್ಟು ಚುಕ್ಕಿ ಕಾಲು ಭಾಗಕ್ಕೆ ಇಳಿಯುತ್ತದೆ. ಪುಟ ಸುಮಾರು 350 ಕೆಬಿಗೆ ಬಂತು. ಅಂಕ, ರಿಜಿಸ್ಟರ್ ಸಂಖ್ಯೆ, ಮೊಹರು ಓದಲು ಬರುತ್ತದೆಯೇ ಎಂದು ದೊಡ್ಡದು ಮಾಡಿ ನೋಡಿದ ಮೇಲೆಯೇ ಒಪ್ಪಿದೆವು. ಹಳೆಯ ನಾಲ್ಕು ಪುಟ ತೆಗೆದು ಹೊಸದನ್ನು ಅದೇ ಜಾಗದಲ್ಲಿ ಸೇರಿಸಿ, ಮತ್ತೆ 1900ಕ್ಕೆ ಭಾಗ ಮಾಡಿದಾಗ ನಾಲ್ಕೇ ಫೈಲ್ ಬಂದವು:

- 1ರಿಂದ 7: 1850 ಕೆಬಿ
- 8ರಿಂದ 13: 1800 ಕೆಬಿ
- 14ರಿಂದ 20: 1750 ಕೆಬಿ
- 21ರಿಂದ 24: 1000 ಕೆಬಿ

ಹಾಕುವ ಮುನ್ನ ಎರಡು ಪರೀಕ್ಷೆ ಮಾಡಿದೆ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ Properties ತೆರೆದರೆ Size, Size on disk ಎಂದು ಎರಡು ಸಾಲು ಕಾಣುತ್ತವೆ. ನೋಡಬೇಕಾದ್ದು ಮೊದಲನೆಯದನ್ನು. ಆಮೇಲೆ ಪುಟ ಕೂಡಿಸಿದೆ: 7+6+7+4 = 24. ಒಂದು ಪುಟ ಬಿಟ್ಟುಹೋದರೂ ಪೋರ್ಟಲ್ ಹೇಳುವುದಿಲ್ಲ, ಅರ್ಜಿ ಪರಿಶೀಲಿಸುವವರು ಹೇಳುತ್ತಾರೆ, ಆಗ ತಡವಾಗಿರುತ್ತದೆ. ಫೈಲ್‌ಗಳಿಗೆ part1ರಿಂದ part4 ಎಂದು ಹೆಸರಿಟ್ಟೆ, ಕ್ರಮ ತಪ್ಪಬಾರದಲ್ಲ.

ಇನ್ನೊಂದು ಮಾತು. ಪಿಡಿಎಫ್ ಭಾಗ ಮಾಡಿಕೊಡುವ ಜಾಲತಾಣಗಳು ಬೇಕಾದಷ್ಟಿವೆ. ಆದರೆ ಅಲ್ಲಿ ನಮ್ಮ ಫೈಲ್ ಬೇರೆಯವರ ಕಂಪ್ಯೂಟರಿಗೆ ಹೋಗುತ್ತದೆ. ಅಬ್ಬಾರ ಪಾಸ್‌ಬುಕ್ ಹಾಗೆ ಹೋಗುವುದು ನನಗೆ ಬೇಡವಾಗಿತ್ತು. PDFsam Basic ನಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ರಾತ್ರಿ ಹನ್ನೊಂದೂವರೆಗೆ ನಾಲ್ಕನೇ ಫೈಲ್ ಹೋಯಿತು. ಆಪಾ ಸ್ವೀಕೃತಿ ಪತ್ರ ಇಳಿಸಿಕೊಂಡು ಹೇಳಿದಳು, "ಮುಂದಿನ ಸಲ ಮೊದಲೇ ತೂಗು."