ಸಾಲದ ಅರ್ಜಿ ಏಕೆ ತಿರಸ್ಕೃತವಾಗುತ್ತದೆ: ಕ್ರೆಡಿಟ್ ಸ್ಕೋರ್ ಮತ್ತು ಕಂತಿನ ಮಿತಿ

ಗ್ರಾಮ ಪಂಚಾಯಿತಿ ಮಾನ್ಯ ಸದಸ್ಯರ ಗಮನಕ್ಕೆ.

"ಜಮೀನಿದೆ, ಹಸುಗಳಿವೆ, ಆದರೂ ಬ್ಯಾಂಕಿನವರು ಸಾಲ ಕೊಡುತ್ತಿಲ್ಲ" ಎಂಬ ದೂರು ಸದಸ್ಯರ ಬಳಿಗೆ ಆಗಾಗ ಬರುತ್ತದೆ. ಇಂತಹ ಅರ್ಜಿಯನ್ನು ಸಾಲದಾತರು ಮುಖ್ಯವಾಗಿ ಎರಡು ಅಳತೆಗಳಿಂದ ನೋಡುತ್ತಾರೆ. ಇವೆರಡೂ ಬೇರೆ ಬೇರೆ ಎಂಬುದನ್ನು ಅರಿತರೆ ತಿರಸ್ಕಾರದ ಕಾರಣವನ್ನು ಗುರುತಿಸುವುದು ಸುಲಭವಾಗುತ್ತದೆ.

ಮೊದಲನೆಯದು ಕ್ರೆಡಿಟ್ ಸ್ಕೋರ್. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು 2005ರ ಕೇಂದ್ರ ಕಾಯ್ದೆಯ ಅಡಿಯಲ್ಲಿ ಸಾಲಗಾರರ ಮಾಹಿತಿಯನ್ನು ಸಂಗ್ರಹಿಸುತ್ತವೆ. ಯಾವ ಸಾಲ, ಎಷ್ಟು ಬಾಕಿ, ಯಾವ ಕಂತು ಎಷ್ಟು ದಿನ ತಡವಾಯಿತು, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಲಾಗಿದೆ ಎಂಬುದರ ಆಧಾರದ ಮೇಲೆ 300ರಿಂದ 900ರವರೆಗಿನ ಅಂಕ ನಿಗದಿಯಾಗುತ್ತದೆ. ಪಹಣಿಯಲ್ಲಿರುವ ಜಮೀನು ಈ ಅಂಕಕ್ಕೆ ಸೇರುವುದಿಲ್ಲ. ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಭೂಮಿಯ ಬೆಲೆ ಎಷ್ಟೇ ಏರಿದ್ದರೂ ಅಂಕ ಒಂದಿಷ್ಟೂ ಏರದು. ಊರಿನ ಕೈಸಾಲವನ್ನು ನಿಯತ್ತಾಗಿ ತೀರಿಸಿದ್ದೂ ಅಲ್ಲಿ ದಾಖಲಾಗುವುದಿಲ್ಲ. ಆದರೆ ಮತ್ತೊಬ್ಬರ ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತಿದ್ದರೆ ಆ ಸಾಲ ಜಾಮೀನುದಾರರ ವರದಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಜಾಮೀನಿಗೆ ಸಹಿ ಹಾಕುವಂತೆ ಸದಸ್ಯರನ್ನೇ ಹೆಚ್ಚಾಗಿ ಕೇಳುವುದರಿಂದ ಇದು ತಮಗೂ ಸಂಬಂಧಿಸಿದ ವಿಷಯ.

ಎರಡನೆಯದು ಕಂತಿನ ಮಿತಿ. ವಾರ್ಷಿಕ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ನೀಡುವ ಸಾಲವನ್ನು ಕಿರುಸಾಲ, ಅಂದರೆ ಮೈಕ್ರೋಫೈನಾನ್ಸ್ ಸಾಲ, ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲಿ ಪರಿಗಣಿಸಿದೆ. ಹೊಸ ಸಾಲದ ಕಂತೂ ಸೇರಿ ಕುಟುಂಬದ ಎಲ್ಲ ಕಂತುಗಳ ಮೊತ್ತವು ಮಾಸಿಕ ಆದಾಯದ ಅರ್ಧವನ್ನು ಮೀರುವಂತಿಲ್ಲ. ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಹೀಗಾಗಿ ಹೆಂಡತಿಯ ಅರ್ಜಿಯಲ್ಲಿ ಗಂಡನ ಸಾಲವೂ ಲೆಕ್ಕಕ್ಕೆ ಬರುತ್ತದೆ.

ನಲ್ಲೂರಿನಲ್ಲಿ ಹೈನುಗಾರಿಕೆ ಮಾಡುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಹಾಲಿನ ಬಟವಾಡೆ ಮತ್ತು ಕೂಲಿ ಸೇರಿ ತಿಂಗಳ ಆದಾಯ 18,000 ರೂಪಾಯಿ. ಕಂತಿನ ಮಿತಿ 9,000. ಗಂಡನ ವಾಹನ ಸಾಲದ ಕಂತು 4,200. ಹೆಂಡತಿಯ ಹೆಸರಿನ ಎರಡು ಕಿರುಸಾಲಗಳ ಕಂತು 2,600 ಮತ್ತು 1,900. ಒಟ್ಟು 8,700 ಆಗಿ, ಉಳಿಯುವುದು 300 ಮಾತ್ರ. ಹಸು ಕೊಳ್ಳಲು ಆಕೆ ಕೇಳಿರುವುದು ಶೇ. 24ರ ಬಡ್ಡಿಯ, 24 ತಿಂಗಳ 40,000 ರೂಪಾಯಿ ಸಾಲ. ಅದರ ಕಂತು ಸುಮಾರು 2,115. ಆಕೆ ಒಂದು ಕಂತನ್ನೂ ತಪ್ಪಿಸಿಲ್ಲ, ಅಂಕವೂ ಉತ್ತಮವಾಗಿದೆ. ಆದರೂ ಅರ್ಜಿ ತಿರಸ್ಕೃತವಾಗುತ್ತದೆ.

ವರದಿ ತರಿಸಿ ನೋಡಿದಾಗ, 1,900 ಕಂತಿನ ಸಾಲ ಹಿಂದೆಯೇ ತೀರಿದ್ದರೂ ಇನ್ನೂ ಚಾಲ್ತಿಯಲ್ಲಿರುವಂತೆ ನಮೂದಾಗಿರುವುದು ತಿಳಿಯುತ್ತದೆ. ಅದನ್ನು ತೆಗೆದರೆ ಹಾಲಿ ಕಂತು 6,800ಕ್ಕೆ ಇಳಿದು 2,200 ಉಳಿಯುತ್ತದೆ. ಹೊಸ ಕಂತು ಮಿತಿಯೊಳಗೆ ಬರುತ್ತದೆ. ಇದು ಮಿತಿಗೆ ತೀರಾ ಸಮೀಪದ ಸಾಲ ಎಂಬುದೂ ನಿಜ. ಹಸು ಕರಾವು ನಿಂತ ತಿಂಗಳುಗಳಲ್ಲಿ ಕಂತು ಎಲ್ಲಿಂದ ಬರಬೇಕು ಎಂದು ಮೊದಲೇ ಯೋಚಿಸುವುದು ಒಳಿತು.

ಪ್ರತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತಪ್ಪಿದ್ದಲ್ಲಿ ಬಾಕಿ ಇಲ್ಲವೆಂಬ ಪ್ರಮಾಣಪತ್ರ ಅಥವಾ ಕೊನೆಯ ಕಂತಿನ ರಸೀದಿಯೊಂದಿಗೆ ಸಾಲ ನೀಡಿದ ಸಂಸ್ಥೆಗೂ ವರದಿ ನೀಡಿದ ಸಂಸ್ಥೆಗೂ ಲಿಖಿತ ದೂರು ಸಲ್ಲಿಸತಕ್ಕದ್ದು. ಸಾಲದಾತರು ದೃಢೀಕರಿಸದೆ ದಾಖಲೆ ಬದಲಾಗುವುದಿಲ್ಲವಾದ್ದರಿಂದ ಮೊದಲನೆಯವರಿಗೆ ಬರೆಯುವುದನ್ನು ಬಿಡಬಾರದು. 30 ದಿನಗಳೊಳಗೆ ದೂರು ಇತ್ಯರ್ಥವಾಗದಿದ್ದರೆ, ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಪಡೆಯಲು ದೂರುದಾರರು ಅರ್ಹರು. ಆಮೇಲೂ ಪರಿಹಾರ ಸಿಗದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ನೀಡಬಹುದು. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.

ಹಣ ಪಡೆದು ಅಂಕ ಸರಿಪಡಿಸುವುದಾಗಿ ಹೇಳುವ ಮಧ್ಯವರ್ತಿಗಳು ಮಾಡಬಲ್ಲುದು ಇದೇ ಅರ್ಜಿಯನ್ನಷ್ಟೆ. ನಿಜವಾಗಿ ತಪ್ಪಿದ ಕಂತಿನ ದಾಖಲೆಯನ್ನು ಯಾರೂ ಅಳಿಸಲಾರರು. ಒಂದಿಷ್ಟು ರಿಯಾಯಿತಿ ಪಡೆದು ಒಮ್ಮೆಲೇ ತೀರಿಸಿದ ಸಾಲವೂ 'ಪೂರ್ಣ ಪಾವತಿ' ಎಂದಲ್ಲದೆ 'ಸೆಟಲ್ಡ್' ಎಂದು ದಾಖಲಾಗುತ್ತದೆ. ಮುಂದಿನ ಸಾಲದಾತರು ಅದನ್ನು ನಷ್ಟದ ಗುರುತಾಗಿಯೇ ಓದುತ್ತಾರೆ. ಆದ್ದರಿಂದ ಅಂತಹ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಈ ವಿಷಯವನ್ನು ಸಾಲಗಾರರಿಗೆ ತಿಳಿಸತಕ್ಕದ್ದು.