ವಸತಿ ಸಮುಚ್ಚಯಗಳ ಮಾಸಿಕ ನಿರ್ವಹಣಾ ಶುಲ್ಕದ ಬದಲಾವಣೆ: ಸಂಘದ ಸೂಚನಾ ಪತ್ರವನ್ನು ಪರಿಶೀಲಿಸುವ ಕ್ರಮ

(ಸಾರ್ವಜನಿಕರ ಮಾಹಿತಿಗಾಗಿ)

ವಸತಿ ಸಮುಚ್ಚಯಗಳಲ್ಲಿ ಸಾಮಾನ್ಯವಾಗಿ ಏಪ್ರಿಲ್ ತಿಂಗಳ ಆಸುಪಾಸಿನಲ್ಲಿ ಮಾಲೀಕರ ಸಂಘದಿಂದ ಮಾಸಿಕ ನಿರ್ವಹಣಾ ಶುಲ್ಕ ಹೆಚ್ಚಳದ ಸೂಚನಾ ಪತ್ರ ಹೊರಡುತ್ತದೆ. ಇದನ್ನು ಕೈಯಲ್ಲಿ ಹಿಡಿದುಕೊಂಡು ದೂರು ಅರ್ಜಿ ಸಲ್ಲಿಸಲು ಬರುವ ಮಾಲೀಕರಲ್ಲಿ ಬಹುತೇಕರು ಕೇಳುವುದು ಒಂದೇ ಪ್ರಶ್ನೆ: "ಇಷ್ಟೊಂದು ಏರಿಸಬಹುದೇ?" ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಏರಿರುವುದು ಖರ್ಚೇ, ಅಥವಾ ಖರ್ಚನ್ನು ಹಂಚುವ ವಿಧಾನವೂ ಬದಲಾಗಿದೆಯೇ? ಒಂದೇ ಸೂಚನಾ ಪತ್ರದಲ್ಲಿ ಈ ಎರಡೂ ಬೆರೆತಿರಬಹುದು. ಆದರೆ ಇವೆರಡಕ್ಕೂ ಅನ್ವಯವಾಗುವ ನಿಯಮಗಳು ಒಂದೇ ಅಲ್ಲ.

ಉದಾಹರಣೆಗಾಗಿ 48 ಫ್ಲ್ಯಾಟುಗಳ ಒಂದು ಕಟ್ಟಡವನ್ನು ಭಾವಿಸಿಕೊಳ್ಳೋಣ. ಅವುಗಳಲ್ಲಿ 24 ಫ್ಲ್ಯಾಟುಗಳು ತಲಾ 1,000 ಚದರಡಿ, ಉಳಿದ 24 ತಲಾ 1,500 ಚದರಡಿ. ಒಟ್ಟು 60,000 ಚದರಡಿ. ಇದುವರೆಗೆ ಚದರಡಿಗೆ 3 ರೂ.ನಂತೆ ಚಿಕ್ಕ ಫ್ಲ್ಯಾಟಿಗೆ 3,000 ರೂ., ದೊಡ್ಡದಕ್ಕೆ 4,500 ರೂ. ಸಂಗ್ರಹವಾಗುತ್ತಿತ್ತು. ಸಂಘದ ಮಾಸಿಕ ವೆಚ್ಚ 1,80,000 ರೂ. ಈಗ ಬಂದಿರುವ ಸೂಚನೆಯಂತೆ ಮಾಸಿಕ ವೆಚ್ಚ 2,28,000 ರೂ.ಗೆ ಏರಿದೆ, ಆದ್ದರಿಂದ ಮುಂದಿನ ತಿಂಗಳಿನಿಂದ ಪ್ರತಿ ಫ್ಲ್ಯಾಟಿಗೆ 4,750 ರೂ. ಪಾವತಿಸತಕ್ಕದ್ದು.

ಕಾರಣಗಳನ್ನು ಹೀಗೆ ನೀಡಲಾಗಿದೆ: ಟ್ಯಾಂಕರ್ ನೀರಿಗೆ 21,000 ರೂ., ಕಾವಲು ಮತ್ತು ಸ್ವಚ್ಛತಾ ಸಿಬ್ಬಂದಿಗೆ 15,000 ರೂ., ಲಿಫ್ಟ್ ನಿರ್ವಹಣಾ ಒಪ್ಪಂದಕ್ಕೆ 4,000 ರೂ., ಬಣ್ಣ ಬಳಿಸುವ ಮೀಸಲು ನಿಧಿಗೆ 8,000 ರೂ. ಕೂಡಿದರೆ 48,000 ರೂ.; ಲೆಕ್ಕ ತಾಳೆಯಾಗುತ್ತದೆ. ಸಿಬ್ಬಂದಿ ವೆಚ್ಚದ ಏರಿಕೆಯಲ್ಲಿ ಅಸಹಜವಾದುದೇನೂ ಇಲ್ಲ. ರಾಜ್ಯದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ಗುತ್ತಿಗೆದಾರರ ಬಿಲ್ಲಿನಲ್ಲಿ ವೇತನ ಏರಿದಂತೆ ಭವಿಷ್ಯ ನಿಧಿಯ ವಂತಿಗೆ ಮತ್ತು ತೆರಿಗೆಯೂ ಏರುತ್ತವೆ.

ನೀರಿನ ಬಾಬತ್ತು ಹಾಗಲ್ಲ. 12,000 ಲೀಟರಿನ ಟ್ಯಾಂಕರಿಗೆ 1,500 ರೂ.ನಂತೆ ತಿಂಗಳಿಗೆ 14 ಲೋಡು ಹೆಚ್ಚುವರಿಯಾಗಿ ತರಿಸಿದರೆ 21,000 ರೂ. ಆಗುತ್ತದೆ ನಿಜ. ಆದರೆ ಈ ಹೆಚ್ಚುವರಿ ಲೋಡುಗಳು ಬೇಕಾದದ್ದು ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳು ಮಾತ್ರವಾದರೆ ವರ್ಷದ ಹೊರೆ 63,000 ರೂ.; ಹನ್ನೆರಡು ತಿಂಗಳಿಗೆ ಹಂಚಿದರೆ ಮಾಸಿಕ 5,250 ರೂ. ಬೇಸಿಗೆಯ ಬಿಲ್ಲನ್ನು ವರ್ಷವಿಡೀ ವಿಧಿಸುವುದು ಅನೇಕ ಸಂಘಗಳಲ್ಲಿ ಕಂಡುಬರುವ ದೋಷ. ಇದು ದುರುದ್ದೇಶಕ್ಕಿಂತ ಹೆಚ್ಚಾಗಿ ಅವಸರದಿಂದ ಆಗುವಂಥದ್ದು. ಹಿಂದಿನ ವರ್ಷದ ಟ್ಯಾಂಕರ್ ಬಿಲ್ಲುಗಳನ್ನು ತಿಂಗಳುವಾರು ಕೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ದರವನ್ನೂ ಗಮನಿಸುವುದು ಒಳ್ಳೆಯದು. 2024ರ ಮಾರ್ಚ್‌ನ ನೀರಿನ ಅಭಾವದ ಸಂದರ್ಭದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು 12,000 ಲೀಟರ್ ಟ್ಯಾಂಕರಿಗೆ 5 ಕಿ.ಮೀ. ಒಳಗೆ 1,000 ರೂ., 5ರಿಂದ 10 ಕಿ.ಮೀ.ವರೆಗೆ 1,200 ರೂ. ಎಂದು ತಾತ್ಕಾಲಿಕವಾಗಿ ನಿಗದಿಪಡಿಸಿತ್ತು.

ಇಷ್ಟಾದರೂ ನಿಜವಾದ ವಿಷಯ ಇರುವುದು ಸೂಚನೆಯ ಕೊನೆಯ ಸಾಲಿನಲ್ಲಿ. 2,28,000 ರೂ.ಗಳನ್ನು ಹಳೆಯ ವಿಧಾನದಂತೆ 60,000 ಚದರಡಿಗೆ ಹಂಚಿ ನೋಡಿ. ಚದರಡಿಗೆ 3 ರೂ. 80 ಪೈಸೆ, ಚಿಕ್ಕ ಫ್ಲ್ಯಾಟಿಗೆ 3,800 ರೂ., ದೊಡ್ಡದಕ್ಕೆ 5,700 ರೂ. ಸೂಚನೆಯಲ್ಲಿ ಎಲ್ಲರಿಗೂ ಸಮನಾಗಿ 4,750 ರೂ. ಎಂದಿದೆ. ಅಂದರೆ ಚಿಕ್ಕ ಫ್ಲ್ಯಾಟಿನವರಿಗೆ ಆಗಿರುವ 1,750 ರೂ. ಏರಿಕೆಯಲ್ಲಿ ಖರ್ಚು ಹೆಚ್ಚಿದ್ದರಿಂದ ಬಂದದ್ದು 800 ರೂ. ಮಾತ್ರ. ಉಳಿದ 950 ರೂ. ದೊಡ್ಡ ಫ್ಲ್ಯಾಟಿನವರ ಹೆಗಲಿನಿಂದ ಅವರ ಹೆಗಲಿಗೆ ವರ್ಗಾವಣೆಯಾಗಿದೆ. ವರ್ಷಕ್ಕೆ 11,400 ರೂ. ನಿವೃತ್ತಿ ವೇತನದಲ್ಲಿ ಜೀವನ ಸಾಗಿಸುವವರಿಗೆ ಇದು ಸಣ್ಣ ಮೊತ್ತವಲ್ಲ. ಕಾರಣಗಳ ಪಟ್ಟಿಯಲ್ಲಿ ಈ ಬದಲಾವಣೆಯ ಪ್ರಸ್ತಾಪವೇ ಇಲ್ಲ ಎಂಬುದನ್ನು ಗಮನಿಸಬೇಕು.

ಕಾವಲುಗಾರ, ಲಿಫ್ಟ್ ಎಲ್ಲರಿಗೂ ಒಂದೇ ಸಮ, ಆದ್ದರಿಂದ ಶುಲ್ಕವೂ ಸಮನಾಗಿರಲಿ ಎಂಬ ವಾದದಲ್ಲಿ ತಿರುಳಿಲ್ಲವೆಂದು ಹೇಳಲಾಗದು. ಆದರೆ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಅಡಿಯಲ್ಲಿ ಘೋಷಣಾ ಪತ್ರ ನೋಂದಣಿಯಾಗಿರುವ ಕಟ್ಟಡಗಳಲ್ಲಿ ಸಾಮಾನ್ಯ ವೆಚ್ಚವನ್ನು ಪ್ರತಿ ಮಾಲೀಕರ ಅವಿಭಜಿತ ಹಕ್ಕಿನ ಶೇಕಡಾ ಪ್ರಮಾಣಕ್ಕೆ ಅನುಗುಣವಾಗಿ ವಿಧಿಸಬೇಕೆಂದು ಆ ಕಾಯ್ದೆಯೇ ಹೇಳುತ್ತದೆ. ಈ ಪ್ರಮಾಣವು ಘೋಷಣಾ ಪತ್ರದಲ್ಲಿ ನಮೂದಾಗಿರುತ್ತದೆ. ಎಲ್ಲ ಮಾಲೀಕರ ಒಪ್ಪಿಗೆಯಿಂದ ತಿದ್ದುಪಡಿ ಘೋಷಣಾ ಪತ್ರವನ್ನು ನೋಂದಾಯಿಸದ ಹೊರತು ಅದನ್ನು ಬದಲಿಸಲು ಬರುವುದಿಲ್ಲ. ಆದುದರಿಂದ ವೆಚ್ಚದ ಅಂದಾಜನ್ನು ಉಪವಿಧಿಗಳಂತೆ ಸಭೆಯಲ್ಲಿ ಬಹುಮತದಿಂದ ಅಂಗೀಕರಿಸಬಹುದಾದರೂ ಹಂಚಿಕೆಯ ಆಧಾರವನ್ನು ಆಡಳಿತ ಮಂಡಳಿಯ ಒಂದು ಸೂಚನಾ ಪತ್ರದಿಂದ ಬದಲಿಸುವುದು ಕ್ರಮಬದ್ಧವಲ್ಲ. ಸಂಘವು ಸಂಘಗಳ ನೋಂದಣಿ ಕಾಯ್ದೆ, 1960 ಅಥವಾ ಸಹಕಾರ ಸಂಘಗಳ ಕಾಯ್ದೆ, 1959ರ ಅಡಿಯಲ್ಲಿ ನೋಂದಣಿಯಾಗಿದ್ದರೆ ಮೊದಲು ಅದರ ಉಪವಿಧಿಗಳನ್ನು ನೋಡಬೇಕಾಗುತ್ತದೆ.

ಸರಕು ಮತ್ತು ಸೇವಾ ತೆರಿಗೆಯ ಬಗ್ಗೆಯೂ ವಿಚಾರಣೆಗಳು ಬರುತ್ತಿರುವುದರಿಂದ ಒಂದು ಮಾತು. ಸದಸ್ಯರೊಬ್ಬರ ಶುಲ್ಕ ತಿಂಗಳಿಗೆ 7,500 ರೂ. ಮೀರದಿದ್ದಲ್ಲಿ ಆ ಶುಲ್ಕಕ್ಕೆ ತೆರಿಗೆ ವಿನಾಯಿತಿ ಇದೆ. ಮೇಲಿನ ಉದಾಹರಣೆಯ ಸಂಘದ ವಾರ್ಷಿಕ ಸಂಗ್ರಹ 20 ಲಕ್ಷ ರೂ. ದಾಟಿದರೂ ಈ ಶುಲ್ಕದ ಮೇಲೆ ಶೇ. 18 ಸೇರಿಸಲು ಕಾರಣವಿಲ್ಲ.

ಆಕ್ಷೇಪಣೆ ಇದೆಯೆಂದು ಪಾವತಿಯನ್ನೇ ನಿಲ್ಲಿಸುವುದು ಸೂಕ್ತವಲ್ಲ. 1972ರ ಕಾಯ್ದೆಯಂತೆ ಬಾಕಿ ಉಳಿದ ಸಾಮಾನ್ಯ ವೆಚ್ಚವು ಫ್ಲ್ಯಾಟಿನ ಮೇಲೆಯೇ ಋಣಭಾರವಾಗಿ ನಿಲ್ಲುತ್ತದೆ. ನೆಲಮಹಡಿಯಲ್ಲಿದ್ದೇವೆ, ಲಿಫ್ಟ್ ಬಳಸುವುದಿಲ್ಲ ಎಂಬ ಕಾರಣಕ್ಕೆ ವಿನಾಯಿತಿ ದೊರೆಯುವುದಿಲ್ಲ. ಆಕ್ಷೇಪಣೆಯನ್ನು ಲಿಖಿತವಾಗಿ ದಾಖಲಿಸಿ, ಅದಕ್ಕೊಳಪಟ್ಟು ಪಾವತಿಸುತ್ತಿರುವುದಾಗಿ ಪತ್ರ ನೀಡಿ ಸ್ವೀಕೃತಿ ಪಡೆದುಕೊಳ್ಳತಕ್ಕದ್ದು. ಅದೇ ಪತ್ರದಲ್ಲಿ ಅಂದಾಜು ವೆಚ್ಚ ಪಟ್ಟಿ, ಅದನ್ನು ಅಂಗೀಕರಿಸಿದ ಸಭೆಯ ನಡಾವಳಿ ಮತ್ತು ಹಂಚಿಕೆಯ ಆಧಾರದ ಪ್ರತಿಗಳನ್ನು ಕೋರಬಹುದು.

ಸಂಘದಿಂದ ಸಮರ್ಪಕ ಉತ್ತರ ಬಾರದಿದ್ದಲ್ಲಿ ಮುಂದಿನ ದಾರಿ ಸಂಘದ ನೋಂದಣಿಯನ್ನು ಅವಲಂಬಿಸಿದೆ. 1960ರ ಕಾಯ್ದೆಯ ಸಂಘವಾದರೆ ಅದರ 25ನೇ ಪ್ರಕರಣದಂತೆ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದ ಸದಸ್ಯರು ಸಹಿ ಮಾಡಿದ ಅರ್ಜಿಯ ಮೇಲೆ ಸಂಘಗಳ ನೋಂದಣಾಧಿಕಾರಿಗಳು ವಿಚಾರಣೆ ನಡೆಸುತ್ತಾರೆ. 48 ಸದಸ್ಯರ ಸಂಘದಲ್ಲಿ 16 ಸಹಿಗಳು ಬೇಕು. ಸಹಕಾರ ಸಂಘವಾದರೆ 1959ರ ಕಾಯ್ದೆಯ 70ನೇ ಪ್ರಕರಣದಡಿ ವಿವಾದ ದಾಖಲಿಸಬಹುದು. 1972ರ ಕಾಯ್ದೆಯ ಸಂಘವಾದಲ್ಲಿ ಉಪವಿಧಿಗಳ ಉಲ್ಲಂಘನೆಯ ಬಗ್ಗೆ ಬಾಧಿತ ಮಾಲೀಕರೇ ನ್ಯಾಯಾಲಯದ ಮೊರೆ ಹೋಗಲು ಅವಕಾಶವಿದೆ.

ಯಾವುದೇ ದಾರಿ ಹಿಡಿದರೂ ಘೋಷಣಾ ಪತ್ರ ಅಥವಾ ಉಪವಿಧಿಗಳ ಪ್ರತಿ ಕೈಯಲ್ಲಿರಬೇಕು. ಘೋಷಣಾ ಪತ್ರದ ದೃಢೀಕೃತ ನಕಲನ್ನು ಅದು ನೋಂದಣಿಯಾಗಿರುವ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಿಗದಿತ ಶುಲ್ಕ ಪಾವತಿಸಿ ಪಡೆಯಬಹುದಾಗಿದೆ. ಅರ್ಜಿಯಲ್ಲಿ ದಸ್ತಾವೇಜಿನ ನೋಂದಣಿ ಸಂಖ್ಯೆ ಮತ್ತು ವರ್ಷವನ್ನು ನಮೂದಿಸಬೇಕು. ಇವು ತಿಳಿಯದಿದ್ದಲ್ಲಿ ತಮ್ಮ ಕ್ರಯಪತ್ರದ ಆರಂಭದ ಪುಟಗಳನ್ನು ಒಮ್ಮೆ ನೋಡಿಕೊಳ್ಳಿ. ಘೋಷಣಾ ಪತ್ರವು ಕ್ರಯಕ್ಕೆ ಮೊದಲೇ ಆಗಿದ್ದಲ್ಲಿ ಅದರ ಉಲ್ಲೇಖ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು.